ನಾಲ್ಕು ಕೋಟು, ಒಂದು ಮುಚ್ಚಳ: 'ರೋಪ್' ಚಿತ್ರದ ಕಟ್‌ಗಳು ಅಡಗಿದ ಬಗೆ

ಹಿಚ್‌ಕಾಕ್ ಅವರ 'ರೋಪ್' ಪೂರಾ ಒಂದೇ ಶಾಟ್‌ನಲ್ಲಿ ತೆಗೆದ ಸಿನಿಮಾ ಅಂತ ಹೇಳುವವರು ಈಗಲೂ ಸಿಗುತ್ತಾರೆ. ಹಾಗೇನಿಲ್ಲ. 1948ರಲ್ಲಿ ಬಂದ ಈ ಚಿತ್ರ ಸುಮಾರು 80 ನಿಮಿಷದ್ದು. ಶುರುವಿನಲ್ಲಿ ಹೆಸರುಗಳು ಬರುವಾಗ ಕಾಣುವ ಬೀದಿಯ ಶಾಟ್ ಬಿಟ್ಟರೆ, ಒಳಗೆ ಹತ್ತು ಶಾಟ್‌ಗಳಿವೆ. ಹತ್ತು ಶಾಟ್ ಅಂದ ಮೇಲೆ ನಡುವೆ ಒಂಬತ್ತು ಕಟ್ ಇರಲೇಬೇಕು. ಅದರಲ್ಲಿ ಐದನ್ನು ಬಚ್ಚಿಟ್ಟಿದ್ದಾರೆ. ಉಳಿದ ನಾಲ್ಕು ಸಾದಾ ಕಟ್‌ಗಳು, ಯಾವ ಮರೆಯೂ ಇಲ್ಲದೆ ಕಣ್ಣೆದುರೇ ಇವೆ.

ತಮಾಷೆ ಏನು ಗೊತ್ತಾ? ಬಚ್ಚಿಟ್ಟವುಗಳಲ್ಲಿ ನಾಲ್ಕು ಮೊದಲ ಸಲ ನೋಡುವವರಿಗೂ ಗೊತ್ತಾಗಿಬಿಡುತ್ತವೆ. ಬಚ್ಚಿಡದೆ ಬಿಟ್ಟ ನಾಲ್ಕನ್ನು ಎಷ್ಟೋ ಜನ ಗಮನಿಸುವುದೇ ಇಲ್ಲ. ಉದ್ದನೆಯ ಒಂದೇ ಟೇಕಿನ ದೃಶ್ಯ ಪ್ಲಾನ್ ಮಾಡುವವರಿಗೆ ಇದಕ್ಕಿಂತ ಒಳ್ಳೆಯ ಪ್ರಕರಣ ನನಗೆ ಗೊತ್ತಿಲ್ಲ. ಚಿತ್ರ ನೋಡಿಲ್ಲದವರಿಗೆ ಒಂದು ಮಾತು: ಮುಂದೆ ಕತೆಯ ಕೊನೆಯನ್ನೂ ಹೇಳಲಿದ್ದೇನೆ.

ಕತೆ ಸರಳ. ನ್ಯೂಯಾರ್ಕಿನ ಒಂದು ಫ್ಲಾಟ್. ಬ್ರ್ಯಾಂಡನ್ ಮತ್ತು ಫಿಲಿಪ್ ಅನ್ನುವ ಇಬ್ಬರು ಯುವಕರು ತಮ್ಮ ಗೆಳೆಯ ಡೇವಿಡ್‌ನ ಕುತ್ತಿಗೆಗೆ ಹಗ್ಗ ಬಿಗಿದು ಕೊಲ್ಲುತ್ತಾರೆ. ಹೆಣವನ್ನು ಹಾಲ್‌ನಲ್ಲೇ ಇರುವ ದೊಡ್ಡ ಮರದ ಪೆಟ್ಟಿಗೆಯಲ್ಲಿ ಹಾಕುತ್ತಾರೆ. ಆಮೇಲೆ ಅದೇ ಪೆಟ್ಟಿಗೆಯ ಮೇಲೆ ಬಟ್ಟೆ ಹಾಸಿ, ಮೋಂಬತ್ತಿ ಹಚ್ಚಿ, ಊಟ ಜೋಡಿಸಿ ಪಾರ್ಟಿ ಕೊಡುತ್ತಾರೆ. ಸತ್ತವನ ಅಪ್ಪ ಬರುತ್ತಾರೆ, ಅವನು ಮದುವೆಯಾಗಬೇಕಿದ್ದ ಹುಡುಗಿ ಜಾನೆಟ್ ಬರುತ್ತಾಳೆ, ಈ ಯುವಕರಿಗೆ ಹಿಂದೆ ಪಾಠ ಹೇಳಿದ್ದ ರೂಪರ್ಟ್ ಬರುತ್ತಾನೆ. ರೂಪರ್ಟ್ ಪಾತ್ರದಲ್ಲಿ ಜೇಮ್ಸ್ ಸ್ಟೀವರ್ಟ್. ಪೆಟ್ಟಿಗೆ ಕೋಣೆಯ ನಡುವೆ ಇದೆ, ಕತೆ ಎಲ್ಲೂ ತುಂಡಾಗುವುದಿಲ್ಲ, ನೋಡುವವರಿಗೂ ಅಲ್ಲಿಂದ ಎದ್ದು ಹೋಗಲು ದಾರಿಯಿಲ್ಲ. ಕಟ್ ಇಲ್ಲದ ಹಾಗೆ ತೆಗೆಯಬೇಕು ಅನ್ನುವ ಆಸೆ ಹುಟ್ಟಿದ್ದು ಅದಕ್ಕೇ.

ಈ ಆಸೆಗೆ ಮೊದಲು ಅಡ್ಡ ಬಂದದ್ದು ಫಿಲ್ಮಿನ ಉದ್ದ.

35 ಎಂಎಂ ಫಿಲ್ಮಿನಲ್ಲಿ ಒಂದು ಅಡಿಗೆ 16 ಫ್ರೇಮ್. ಸೆಕೆಂಡಿಗೆ 24 ಫ್ರೇಮ್ ಓಡುತ್ತವೆ. ಅಂದರೆ ನಿಮಿಷಕ್ಕೆ 90 ಅಡಿ ಖರ್ಚು. ಫಿಲ್ಮ್ ತುಂಬುವ ಡಬ್ಬಿಗೆ, ಅಂದರೆ ಕ್ಯಾಮೆರಾದ ಮ್ಯಾಗಜಿನ್‌ಗೆ, 1000 ಅಡಿ ಹಿಡಿಯುತ್ತದೆ, ಹಾಗಾಗಿ 11 ನಿಮಿಷ ಆದ ಮೇಲೆ ಏನೇ ಮಾಡಿದರೂ ಕ್ಯಾಮೆರಾ ನಿಲ್ಲುತ್ತದೆ. ಶುರುವಿನಲ್ಲಿ ವೇಗ ಹಿಡಿಯಲು ಸ್ವಲ್ಪ, ಕ್ಲ್ಯಾಪ್‌ಗೆ ಸ್ವಲ್ಪ, ಕೊನೆಗೆ ಕೈಕಾವಲಿಗೆ ಸ್ವಲ್ಪ ಬಿಟ್ಟರೆ ಕೈಯಲ್ಲಿ ಉಳಿಯುವುದು ಹತ್ತು ನಿಮಿಷ. ಚಿತ್ರದ ಅತಿ ಉದ್ದದ ಶಾಟ್ 10 ನಿಮಿಷ 6 ಸೆಕೆಂಡ್ ಇದೆ. ಇದ್ದ ಜಾಗವನ್ನೆಲ್ಲ ಬಳಸಿಕೊಂಡಿದ್ದಾರೆ. ಅತಿ ಚಿಕ್ಕದು ನಾಲ್ಕೂವರೆ ನಿಮಿಷದ್ದು.

ಎರಡನೆಯ ಅಡ್ಡಿ ಥಿಯೇಟರಿನಲ್ಲಿತ್ತು. ಆಗ ಪ್ರೊಜೆಕ್ಟರಿಗೆ ಹಾಕುತ್ತಿದ್ದ ರೀಲು 2000 ಅಡಿಯದು, ಅಂದರೆ ಹೆಚ್ಚೆಂದರೆ 22 ನಿಮಿಷ. ಒಂದು ರೀಲು ಮುಗಿಯುವ ಹೊತ್ತಿಗೆ ಆಪರೇಟರ್ ಪಕ್ಕದ ಪ್ರೊಜೆಕ್ಟರ್ ಚಾಲೂ ಮಾಡಿ ಚಿತ್ರವನ್ನು ಅದಕ್ಕೆ ದಾಟಿಸಬೇಕು. ಅದು ಕೈಕೆಲಸ. ಒಂದೆರಡು ಫ್ರೇಮ್ ಅತ್ತಿತ್ತ ಆಗುತ್ತದೆ. ರೀಲಿನ ಕೊನೆ ಓಡಿ ಓಡಿ ಸವೆದಿರುತ್ತದೆ. ಎರಡು ಪ್ರೊಜೆಕ್ಟರಿನ ಬೆಳಕೂ ಒಂದೇ ಥರ ಇರುವುದಿಲ್ಲ. ಅಂಥ ಜಾಗದಲ್ಲಿ ಸೂಕ್ಷ್ಮವಾದ ಗುಟ್ಟಿನ ಕಟ್ ಇಟ್ಟರೆ ಊರೂರಿನಲ್ಲಿ ಬಯಲಾಗುತ್ತದೆ.

ಈಗ ಹತ್ತು ಶಾಟ್‌ಗಳನ್ನು ಸಾಲಾಗಿ ಇಟ್ಟು ನೋಡಿ. ಒಂದು ಮತ್ತು ಎರಡನೆಯ ಶಾಟ್ ನಡುವೆ ಬಚ್ಚಿಟ್ಟ ಕಟ್. ಎರಡು ಮತ್ತು ಮೂರರ ನಡುವೆ ಸಾದಾ ಕಟ್. ಮೂರು ಮತ್ತು ನಾಲ್ಕರ ನಡುವೆ ಮತ್ತೆ ಬಚ್ಚಿಟ್ಟದ್ದು. ಕೊನೆಯವರೆಗೂ ಹೀಗೇ ಒಂದು ಬಿಟ್ಟು ಒಂದು. ಕ್ಯಾಮೆರಾದ ಎರಡು ಮ್ಯಾಗಜಿನ್ ಸೇರಿ ಥಿಯೇಟರಿನ ಒಂದು ರೀಲು. ರೀಲಿನ ಹೊಟ್ಟೆಯಲ್ಲಿರುವ ಬೆಸುಗೆಯನ್ನು ಮುಚ್ಚಿದ್ದಾರೆ, ರೀಲು ಬದಲಾಗುವ ಜಾಗದಲ್ಲಿ ನೇರ ಕಟ್ ಕೊಟ್ಟಿದ್ದಾರೆ. ಕಟ್ ಎಲ್ಲಿ ಬರಬೇಕು ಅನ್ನುವುದರಲ್ಲಿ ಕತೆಯಷ್ಟೇ ಮಾತು ಪ್ರೊಜೆಕ್ಟರಿನದೂ ನಡೆದಿದೆ.

ಹೀಗಾಗಿ ಒಂಬತ್ತು ಬೆಸುಗೆಗಳ ಜಾಗ ಶೂಟಿಂಗ್‌ಗಿಂತ ಮುಂಚೆಯೇ ತೀರ್ಮಾನವಾಗಿರಬೇಕಿತ್ತು. ಯಾವ ಮಾತಿಗೆ ಯಾರ ಬೆನ್ನು ಕ್ಯಾಮೆರಾಗೆ ಬರಬೇಕು, ಆಗ ಉಳಿದವರು ಎಲ್ಲಿ ನಿಂತಿರಬೇಕು, ಕೈಯಲ್ಲಿ ಗ್ಲಾಸು ಇರಬೇಕೇ ಬೇಡವೇ, ಎಲ್ಲ. ಇವತ್ತು ಎಷ್ಟೋ ತಂಡಗಳು ಇದನ್ನು ತಿರುಗಾಮುರುಗಾ ಮಾಡುತ್ತವೆ. ಮೊದಲು ಇಡೀ ದೃಶ್ಯ ರಿಹರ್ಸಲ್ ಮಾಡಿ, ಆಮೇಲೆ 'ಎಲ್ಲಾದರೂ ಒಂದು ಕಟ್ ಅಡಗಿಸೋಣ' ಅಂತ ಹುಡುಕುತ್ತವೆ. ಅಷ್ಟು ಹೊತ್ತಿಗೆ ನಟರ ಕಾಲು ಒಂದು ದಾರಿಗೆ ಒಗ್ಗಿಹೋಗಿರುತ್ತದೆ. ನಡುವೆ ಒಂದು ಬೆನ್ನು ತುರುಕಿದರೆ ಅದು ತುರುಕಿದ ಹಾಗೇ ಕಾಣುತ್ತದೆ.

ಇನ್ನು ಕ್ಯಾಮೆರಾ. ಇದು ಟೆಕ್ನಿಕಲರ್ ಕ್ಯಾಮೆರಾ. ಒಳಗೆ ಒಂದು ಪ್ರಿಸಮ್ ಬೆಳಕನ್ನು ಒಡೆದು ಮೂರು ಬೇರೆ ಬೇರೆ ಫಿಲ್ಮ್‌ಗಳಿಗೆ ಕಳಿಸುತ್ತದೆ, ಮೂರೂ ಒಟ್ಟಿಗೆ ಓಡುತ್ತವೆ. ಸದ್ದು ಕೇಳಿಸದ ಹಾಗೆ ಅದರ ಮೇಲೆ ದಪ್ಪನೆಯ ಕವಚ. ಒಟ್ಟಿನಲ್ಲಿ ಅದು ಗೋದ್ರೆಜ್ ಬೀರು ಇದ್ದ ಹಾಗೆ ಅಂದುಕೊಳ್ಳಿ. ಈ ಬೀರು ಒಂದು ಫ್ಲಾಟಿನ ಒಳಗೆ, ಸೋಫಾ ಪಿಯಾನೊಗಳ ನಡುವೆ, ಹತ್ತು ನಿಮಿಷ ನಿಲ್ಲದೆ ಓಡಾಡಬೇಕು. ಬಾಗಿಲಲ್ಲಿ ತೂರುವುದಂತೂ ಆಗದ ಮಾತು.

ಅದಕ್ಕೇ ಗೋಡೆಗಳನ್ನು ಓಡಿಸಿದರು. ಸೆಟ್ಟಿನ ಗೋಡೆಗಳನ್ನು ಮೇಲಿನ ಹಳಿಗಳಿಗೆ ತೂಗುಹಾಕಿ, ಹಳಿಗೆ ಚೆನ್ನಾಗಿ ಗ್ರೀಸ್ ಬಳಿದಿದ್ದರು. ಕ್ಯಾಮೆರಾ ಬರುತ್ತಿದ್ದ ಹಾಗೆ ಗೋಡೆ ಸದ್ದಿಲ್ಲದೆ ಸರಿಯುತ್ತದೆ. ಕ್ಯಾಮೆರಾ ಆ ಕಡೆ ತಿರುಗುವುದರೊಳಗೆ ಮತ್ತೆ ಬಂದು ನಿಲ್ಲುತ್ತದೆ. ಕುರ್ಚಿ ಮೇಜುಗಳದ್ದೂ ಅದೇ ಕತೆ. ಕೆಲಸದವರು ಅವನ್ನು ಎತ್ತಿ ದಾರಿ ಬಿಡಬೇಕು, ಕ್ಯಾಮೆರಾ ದಾಟಿದ ಮೇಲೆ ತಂದು ಅದೇ ಜಾಗಕ್ಕೆ ಇಡಬೇಕು. ನಟ ಹಿಂದೆ ನೋಡದೆ ಕೂರುತ್ತಾನೆ. ಅವನು ಕೂರುವ ಹೊತ್ತಿಗೆ ಕುರ್ಚಿ ಅಲ್ಲಿರಬೇಕು, ಇಲ್ಲಾಂದ್ರೆ ಎಂಟು ನಿಮಿಷದ ಶ್ರಮ ಅವನ ಜೊತೆಗೇ ನೆಲಕ್ಕೆ ಬೀಳುತ್ತದೆ.

ಡಾಲಿ, ಅಂದರೆ ಕ್ಯಾಮೆರಾ ಕೂರಿಸಿದ ಗಾಲಿಬಂಡಿ, ತಳ್ಳುವವರಿಗಾಗಿ ನೆಲದ ತುಂಬ ಚಿಕ್ಕ ಚಿಕ್ಕ ಅಂಕಿಗಳನ್ನು ಬರೆದಿದ್ದರು. ಇಂಥ ಮಾತು ಬಂದಾಗ ಇಂಥ ಅಂಕಿಯ ಮೇಲೆ ಇರಬೇಕು, ಅಷ್ಟೇ. ನನಗೆ ಇದು ಇಡೀ ಪ್ರಕರಣದಲ್ಲಿ ತುಂಬ ಇಷ್ಟವಾದ ವಿಷಯ. ಡಾಲಿ ತಳ್ಳುವವನಿಗೆ ಕತೆ ಗೊತ್ತಿರಬೇಕಾಗಿಲ್ಲ, ಫ್ರೇಮಿನಲ್ಲಿ ಏನು ಕಾಣುತ್ತಿದೆ ಅನ್ನುವುದೂ ಬೇಕಾಗಿಲ್ಲ. ಮಾತು ಕೇಳಬೇಕು, ಅಂಕಿ ಮುಟ್ಟಬೇಕು. ಈಗಲೂ ಸ್ಟೆಡಿಕ್ಯಾಮ್ ಅಥವಾ ಗಿಂಬಲ್ ಹಿಡಿದು ಕೆಲಸ ಮಾಡುವವರು ನೆಲಕ್ಕೆ ಬಣ್ಣಬಣ್ಣದ ಟೇಪ್ ಅಂಟಿಸುತ್ತಾರಲ್ಲ, ಅದೂ ಇದೇ. ಫೋಕಸ್ ಎಳೆಯುವವರಿಗೆ ಒಂದು ಬಣ್ಣ, ನಟರಿಗೆ ಇನ್ನೊಂದು. ಆದರೆ ಉದ್ದದ ಟೇಕಿನಲ್ಲಿ ನೆಲವೇ ಫ್ರೇಮಿಗೆ ಬಂದುಬಿಡುವ ಭಯ ಇರುತ್ತದೆ. ಅದಕ್ಕೆ ಗುರುತು ಕಾರ್ಪೆಟ್ಟಿನ ಅಂಚು, ಮೇಜಿನ ಕಾಲು, ಇಂಥ ಕಡೆ ಸೇರಿಕೊಳ್ಳುವಂತೆ ನೋಡಿಕೊಳ್ಳಬೇಕು.

ಕ್ಯಾಮೆರಾ ಸುಮ್ನೆ ಓಡಾಡುತ್ತಿದ್ದರೆ ಸಾಲದು. ಕಟ್ ಇದ್ದಾಗ ದೂರದ ಶಾಟಿನಿಂದ ಮುಖಕ್ಕೆ ಒಂದೇ ಏಟಿಗೆ ಹಾರಬಹುದು. ಕಟ್ ಇಲ್ಲದಿದ್ದಾಗ ಇರುವುದು ಎರಡೇ ದಾರಿ. ಕ್ಯಾಮೆರಾ ನಟನ ಹತ್ತಿರ ಹೋಗಬೇಕು, ಇಲ್ಲ ನಟ ಕ್ಯಾಮೆರಾ ಹತ್ತಿರ ಬರಬೇಕು. ಎರಡಕ್ಕೂ ಸಮಯ ಬೇಕು. ಸೋಫಾದಿಂದ ಪಿಯಾನೊವರೆಗೆ ಹೋಗಲು ಕ್ಯಾಮೆರಾಗೆ ಆರು ಸೆಕೆಂಡ್ ಬೇಕಾದರೆ, ಆ ಆರು ಸೆಕೆಂಡ್ ತುಂಬುವ ಮಾತೋ ನಡಿಗೆಯೋ ಸ್ಕ್ರಿಪ್ಟಿನಲ್ಲಿ ಇರಲೇಬೇಕು. ಇಲ್ಲದಿದ್ದರೆ ನೋಡುವವರು ಕ್ಯಾಮೆರಾ ಪ್ರಯಾಣ ಮಾಡುವುದನ್ನು ನೋಡುತ್ತ ಕೂರುತ್ತಾರೆ. ಹಾಗಾಗಿ ರಿಹರ್ಸಲ್‌ನಲ್ಲಿ ಸ್ಟಾಪ್‌ವಾಚ್ ಹಿಡಿದು ಅಳೆಯಬೇಕಾದ್ದು ಕ್ಯಾಮೆರಾ ಒಂದು ಜಾಗದಿಂದ ಇನ್ನೊಂದಕ್ಕೆ ಹೋಗಲು ತೆಗೆದುಕೊಳ್ಳುವ ಹೊತ್ತು. ದೃಶ್ಯದ ಒಟ್ಟು ಉದ್ದ ಆಮೇಲಿನ ಮಾತು. ಹೊತ್ತು ಕಡಿಮೆ ಬಿದ್ದರೆ ಎರಡು ಸಾಲು ಮಾತು ಸೇರಿಸುತ್ತೀರಿ, ಜಾಸ್ತಿಯಾದರೆ ಪಿಯಾನೊವನ್ನೇ ಹತ್ತಿರ ಸರಿಸುತ್ತೀರಿ.

ಹಾಗೆಯೇ ಎಲ್ಲಿ ನಿಲ್ಲಬೇಕು ಅನ್ನುವುದೂ ಮುಖ್ಯ. ಈ ಚಿತ್ರದಲ್ಲಿ ಎಲ್ಲರಿಗೂ ನೆನಪುಳಿಯುವ ಜಾಗ ಕ್ಯಾಮೆರಾ ಅಲುಗದೆ ನಿಂತ ಜಾಗ. ಊಟ ಮುಗಿದಿದೆ. ಉಳಿದವರೆಲ್ಲ ಫ್ರೇಮಿನ ಆಚೆ ನಿಂತು ಡೇವಿಡ್ ಇನ್ನೂ ಯಾಕೆ ಬಂದಿಲ್ಲ ಅಂತ ಮಾತಾಡುತ್ತಿದ್ದಾರೆ. ಫ್ರೇಮಿನ ಒಳಗೆ ಪೆಟ್ಟಿಗೆ, ಮತ್ತು ಮನೆಗೆಲಸದ ಮಿಸೆಸ್ ವಿಲ್ಸನ್. ಆಕೆ ಪೆಟ್ಟಿಗೆಯ ಮೇಲಿನ ತಟ್ಟೆಗಳನ್ನು ಎತ್ತುತ್ತಾಳೆ. ಊಟದ ಕೋಣೆ ದಾಟಿ ಒಳಗೆ ಹೋಗುತ್ತಾಳೆ. ವಾಪಸ್ ಬರುತ್ತಾಳೆ. ಮೋಂಬತ್ತಿಗಳನ್ನು ತೆಗೆಯುತ್ತಾಳೆ. ಮತ್ತೆ ಒಳಗೆ. ಬಟ್ಟೆ ತೆಗೆಯುತ್ತಾಳೆ. ಆಮೇಲೆ ಪೆಟ್ಟಿಗೆಯ ಒಳಗೆ ಇಡಬೇಕಾದ ಪುಸ್ತಕಗಳನ್ನು ಹೊತ್ತು ತರುತ್ತಾಳೆ. ಆಕೆ ಒಂದೊಂದು ಸಲ ಹೋಗಿ ಬಂದಾಗಲೂ ಮುಚ್ಚಳ ತೆರೆಯುವ ಗಳಿಗೆ ಹತ್ತಿರವಾಗುತ್ತಿದೆ. ನೋಡುವವರು ಎಣಿಸುತ್ತಿರುತ್ತಾರೆ. ಇದನ್ನು ಕತ್ತರಿಸಿ ತೋರಿಸಿದ್ದರೆ ಆಕೆಯ ಎರಡು ಓಡಾಟ ಉಳಿಸಬಹುದಿತ್ತು, ಆದರೆ ಉಳಿಸಿದ ಜಾಗದಲ್ಲೇ ಭಯವೂ ಹೋಗುತ್ತಿತ್ತು. ಒಂದೇ ಟೇಕಿನ ದೃಶ್ಯ ಅಂದ ತಕ್ಷಣ ಕ್ಯಾಮೆರಾ ಹೆಗಲಿಗೇರಿಸಿ ಓಡುವವರು ಈ ಒಂದು ತುಣುಕನ್ನು ಹತ್ತು ಸಲ ನೋಡಬೇಕು ಅನ್ನುವುದು ನನ್ನ ಅಭಿಪ್ರಾಯ.

ರಿಹರ್ಸಲ್‌ಗೆ ಅವರು ಕೊಟ್ಟದ್ದು 10 ದಿನ. ನಟರು, ಕ್ಯಾಮೆರಾ, ಲೈಟು, ಮೂರೂ ಒಟ್ಟಿಗೆ. ಶೂಟಿಂಗ್ 18 ದಿನ. ಅಂದರೆ ಎರಡು ದಿನ ಶೂಟಿಂಗ್‌ಗೆ ಒಂದು ದಿನಕ್ಕಿಂತ ಜಾಸ್ತಿ ರಿಹರ್ಸಲ್. ಇಲ್ಲಿ ನಿಜಕ್ಕೂ ರಿಹರ್ಸಲ್ ಆಗುತ್ತಿರುವುದು ಕ್ಯಾಮೆರಾ ಮಾತ್ರ ಅಂತ ಜೇಮ್ಸ್ ಸ್ಟೀವರ್ಟ್ ಗೊಣಗಿದ್ದರಂತೆ. ತಮಾಷೆಯಾಗಿ ಹೇಳಿದರೂ ಮಾತು ಸರಿಯೇ. ನಟ ಮಾತು ತಡವರಿಸಿದರೆ ಸಾವರಿಸಿಕೊಂಡು ಮುಂದೆ ಹೋಗಬಹುದು. ಗೋಡೆ ತಡವರಿಸಿದರೆ ಆಗುವುದಿಲ್ಲ.

ಇಷ್ಟು ರಿಹರ್ಸಲ್ ಯಾಕೆ ಬೇಕು ಅನ್ನುವುದಕ್ಕೆ ಒಂದು ಚಿಕ್ಕ ಲೆಕ್ಕ. ಒಂದು ಟೇಕಿನಲ್ಲಿ ಗೋಡೆ, ಕುರ್ಚಿ, ಲೈಟು, ಬೂಮ್ ಮೈಕ್, ಫೋಕಸ್, ನಟರ ಗುರುತು ಎಲ್ಲ ಸೇರಿ ನೂರು ಕ್ಯೂ, ಅಂದರೆ ಸರಿಯಾದ ಗಳಿಗೆಗೆ ಆಗಲೇಬೇಕಾದ ಕೆಲಸಗಳು, ಇವೆ ಅಂದುಕೊಳ್ಳಿ. ಪ್ರತಿಯೊಂದೂ ನೂರಕ್ಕೆ 99 ಸಲ ಸರಿಯಾಗಿ ಆಗುತ್ತದೆ ಅಂತಲೂ ಇಟ್ಟುಕೊಳ್ಳಿ. ಆದರೂ ನೂರೂ ಒಟ್ಟಿಗೆ ಸರಿಯಾಗುವ ಸಾಧ್ಯತೆ ನೂರಕ್ಕೆ 37 ಮಾತ್ರ. ಮೂರು ಟೇಕಿನಲ್ಲಿ ಎರಡು ಹಾಳು. ಕ್ಯೂಗಳನ್ನು ಐವತ್ತಕ್ಕೆ ಇಳಿಸಿದರೆ ಅದೇ ಸಾಧ್ಯತೆ 60ಕ್ಕೆ ಏರುತ್ತದೆ. ಆದ್ದರಿಂದ ರಿಹರ್ಸಲ್‌ನ ಮೊದಲ ಕೆಲಸ ಕ್ಯೂ ಕಲಿಸುವುದಲ್ಲ, ಬೇಡದ ಕ್ಯೂ ಕಿತ್ತುಹಾಕುವುದು. ಎರಡನೆಯ ಕೆಲಸ, ಕಷ್ಟದ ಕ್ಯೂಗಳನ್ನು ಆದಷ್ಟು ಟೇಕಿನ ಶುರುವಿಗೆ ತರುವುದು. ಎರಡನೇ ನಿಮಿಷದಲ್ಲಿ ಕೆಟ್ಟರೆ ಎರಡು ನಿಮಿಷ ಹೋಯಿತು. ಒಂಬತ್ತನೇ ನಿಮಿಷದಲ್ಲಿ ಕೆಟ್ಟರೆ ಎಲ್ಲರ ಮುಖ ನೋಡಲಾಗುವುದಿಲ್ಲ.

ಮೊದಲ ಟೇಕಿನಲ್ಲೇ ಅವರಿಗೆ ಹಾಗಾಯಿತು. ಎಂಟು ನಿಮಿಷ ಎಲ್ಲವೂ ಸರಿಯಾಗಿ ನಡೆದಿತ್ತು ಅಂತ ಹಿಚ್‌ಕಾಕ್ ಆಮೇಲೆ ಹೇಳಿಕೊಂಡಿದ್ದಾರೆ. ಇಬ್ಬರು ಕೊಲೆಗಾರರೂ ಪೆಟ್ಟಿಗೆಯ ಕಡೆ ತಿರುಗಿ ನಡೆಯುತ್ತಾರೆ, ಕ್ಯಾಮೆರಾ ಅವರ ಜೊತೆ ತಿರುಗುತ್ತದೆ, ಕಿಟಕಿಯ ಹತ್ತಿರ ಒಬ್ಬ ಲೈಟಿನವನು ನಿಂತಿದ್ದಾನೆ! ಪಾಪ, ಅವನ ತಪ್ಪು ಅನ್ನುವುದಕ್ಕೂ ಬರುವುದಿಲ್ಲ. ಸಾಮಾನ್ಯ ಸೆಟ್ಟಿನಲ್ಲಿ ಕ್ಯಾಮೆರಾದ ಹಿಂದೆ ಅನ್ನುವ ಒಂದು ಜಾಗ ಇರುತ್ತದೆ, ಕೆಲಸದವರೆಲ್ಲ ಅಲ್ಲಿ ಆರಾಮಾಗಿ ನಿಂತಿರಬಹುದು. ಕ್ಯಾಮೆರಾ ಸುತ್ತ ತಿರುಗುವ ಟೇಕಿನಲ್ಲಿ ಆ ಜಾಗವೇ ಓಡಾಡುತ್ತಿರುತ್ತದೆ. ಆದ್ದರಿಂದ ನಟರಿಗೆ ನಡೆ ಕಲಿಸಿದ ಹಾಗೆ ಫ್ರೇಮಿನ ಹೊರಗಿನವರಿಗೂ ಕಲಿಸಬೇಕು. ಯಾವ ನಿಮಿಷದಲ್ಲಿ ಯಾರು ಎಲ್ಲಿ ಅಡಗಿರಬೇಕು ಅನ್ನುವ ಪಟ್ಟಿ ಒಂದು ಬೇರೆಯೇ ಬೇಕು.

ಅದಕ್ಕಿಂತ ದುಬಾರಿಯಾದ ಏಟು ಬಿದ್ದದ್ದು ಸೂರ್ಯಾಸ್ತದಿಂದ.

ಕತೆ ನಡೆಯುವುದು ಸಂಜೆ ಏಳೂವರೆಯಿಂದ ಒಂಬತ್ತೂಕಾಲರವರೆಗೆ. ಕಿಟಕಿಯ ಆಚೆ ನ್ಯೂಯಾರ್ಕ್ ಕಾಣಬೇಕು, ಬೆಳಕು ನಿಧಾನವಾಗಿ ಇಳಿಯಬೇಕು, ಕಟ್ಟಡಗಳಲ್ಲಿ ದೀಪ ಹತ್ತಬೇಕು, ಕೊನೆಗೆ ನಿಯಾನ್ ಬೋರ್ಡಿನ ಕೆಂಪು ಹಸಿರು ಬೆಳಕು ಒಳಗೆ ಬಂದು ಬೀಳಬೇಕು. ಇದಕ್ಕಾಗಿ ಸೆಟ್ಟಿನ ಹಿಂದೆ ಅರ್ಧವೃತ್ತಾಕಾರದಲ್ಲಿ ಇಡೀ ನಗರದ ಮಾದರಿಯನ್ನೇ ಕಟ್ಟಿದ್ದರು. ಮೋಡಗಳನ್ನು ಗಾಜಿನ ನೂಲಿನಿಂದ ಮಾಡಿ ಒಂದೊಂದನ್ನೂ ತೂಗುಬಿಟ್ಟಿದ್ದರು. ಮೋಡ ಚಲಿಸುವುದನ್ನು ಎಲ್ಲೂ ತೋರಿಸುವುದಿಲ್ಲ. ಒಂದು ಶಾಟ್ ಮುಗಿದು ಇನ್ನೊಂದು ಶುರುವಾಗುವ ನಡುವೆ ಕೆಲಸದವರು ನಕ್ಷೆ ನೋಡಿಕೊಂಡು ಪ್ರತಿ ಮೋಡವನ್ನೂ ಸ್ವಲ್ಪ ಸ್ವಲ್ಪ ಸರಿಸುತ್ತಿದ್ದರು. ಚಿತ್ರದಲ್ಲಿ ಎಂಟು ಸಲ ಮೋಡಗಳ ಜಾಗ ಬದಲಾಗುತ್ತದೆ. ಕಟ್ ಅಡಗಿರುವ ಜಾಗವನ್ನೇ ಸಮಯ ಸರಿಸಲೂ ಬಳಸಿಕೊಂಡಿದ್ದಾರೆ ನೋಡಿ.

ನಾಲ್ಕೈದು ಶಾಟ್ ತೆಗೆದ ಮೇಲೆ ಹಿಚ್‌ಕಾಕ್‌ಗೆ ಸಂಜೆಯ ಕಿತ್ತಳೆ ಬಣ್ಣ ವಿಪರೀತ ಆಗಿದೆ ಅನ್ನಿಸಿತು. ಅವರ ಮಾತಿನ ಪ್ರಕಾರ ಅದು ಅಗ್ಗದ ಪೋಸ್ಟ್‌ಕಾರ್ಡಿನ ಸೂರ್ಯಾಸ್ತದ ಥರ ಇತ್ತು. ಕೊನೆಯ ಐದು ಶಾಟ್‌ಗಳನ್ನು ಮತ್ತೆ ತೆಗೆದರು. ಆ 18 ದಿನಗಳಲ್ಲಿ 9 ದಿನ ಇದಕ್ಕೇ ಹೋಯಿತು. ಅರ್ಧಕ್ಕೆ ಅರ್ಧ!

ಮಾಮೂಲಿ ಚಿತ್ರವಾಗಿದ್ದರೆ ಇಷ್ಟು ಆಗುತ್ತಿರಲಿಲ್ಲ. ಕಿಟಕಿ ಕಾಣುವ ಶಾಟ್‌ಗಳನ್ನು ಮಾತ್ರ ಮತ್ತೆ ತೆಗೆಯಬಹುದಿತ್ತು, ಕೆಲವನ್ನು ಬಿಟ್ಟೇಬಿಡಬಹುದಿತ್ತು. ಇಲ್ಲಿ ಕಿಟಕಿ ಪ್ರತಿ ಶಾಟಿನಲ್ಲೂ ಎಲ್ಲೋ ಒಂದು ಕಡೆ ಬರುತ್ತದೆ. ಒಂದು ಶಾಟಿನ ಕೊನೆಯ ಬೆಳಕು ಮುಂದಿನ ಶಾಟಿನ ಮೊದಲ ಬೆಳಕಿಗೆ ಹೊಂದಬೇಕು. ಆರನೆಯದನ್ನು ಮುಟ್ಟಿದರೆ ಏಳನೆಯದು ಕೆಡುತ್ತದೆ, ಏಳು ಕೆಟ್ಟರೆ ಎಂಟು. ಬೆಳಕು ಹೊಂದದಿದ್ದರೆ ಕಟ್ ಎಷ್ಟು ಚೆನ್ನಾಗಿ ಅಡಗಿಸಿದ್ದರೂ ಪ್ರಯೋಜನ ಇಲ್ಲ. ಒಂದೇ ಟೇಕಿನಂತೆ ಕಾಣುವ 2019ರ '1917' ಚಿತ್ರದಲ್ಲಿ ಛಾಯಾಗ್ರಾಹಕ ರೋಜರ್ ಡೀಕಿನ್ಸ್ ಬಿಸಿಲು ಹೋಗಿ ಮೋಡ ಮುಚ್ಚುವವರೆಗೆ ಕಾಯುತ್ತಿದ್ದದ್ದು ಇದೇ ಕಾರಣಕ್ಕೆ. ಬಯಲಿನಲ್ಲಿ ಬೇರೆ ಬೇರೆ ದಿನ ತೆಗೆದ ಟೇಕುಗಳನ್ನು ಒಂದೇ ಅಂತ ನಂಬಿಸಬೇಕಾದರೆ ನೆರಳು ಇರಬಾರದು. ಈಗ ಬಣ್ಣವನ್ನು ಕಂಪ್ಯೂಟರಿನಲ್ಲಿ ಸರಿಮಾಡಬಹುದು, ನೆರಳು ಬಿದ್ದ ದಿಕ್ಕನ್ನು ಸರಿಮಾಡುವುದು ಈಗಲೂ ಕಷ್ಟ.

ಈಗ ಕಟ್‌ಗಳ ವಿಷಯಕ್ಕೆ ಬರೋಣ.

ಬಚ್ಚಿಟ್ಟ ಐದರಲ್ಲಿ ಮೂರು ಬ್ರ್ಯಾಂಡನ್‌ನ ಕೋಟಿನ ಮೇಲೆ ಆಗುತ್ತವೆ, ಒಂದು ಕೆನೆತ್ ಅನ್ನುವ ಅತಿಥಿಯ ಕೋಟಿನ ಮೇಲೆ, ಒಂದು ಪೆಟ್ಟಿಗೆಯ ಮುಚ್ಚಳದ ಮೇಲೆ. ಕೋಟಿನ ಉಪಾಯ ಹೀಗೆ: ನಟ ಕ್ಯಾಮೆರಾಗೆ ಬೆನ್ನು ಹಾಕಿ ನಿಲ್ಲುತ್ತಾನೆ. ಕ್ಯಾಮೆರಾ ಹತ್ತಿರ ಹೋಗುತ್ತದೆ. ಕೋಟಿನ ಬಟ್ಟೆ ಇಡೀ ಫ್ರೇಮ್ ತುಂಬುತ್ತದೆ. ನಿಲ್ಲಿಸಿ. ಹೊಸ ಮ್ಯಾಗಜಿನ್ ಹಾಕಿ. ನಟ ಅದೇ ಜಾಗದಲ್ಲಿ ನಿಲ್ಲುತ್ತಾನೆ, ಕ್ಯಾಮೆರಾ ಕೋಟಿನಿಂದ ಹೊರಳಿ ಮತ್ತೆ ಕೋಣೆಗೆ ಬರುತ್ತದೆ.

ಕಾಗದದ ಮೇಲೆ ಇದು ಪಕ್ಕಾ. ತೆರೆಯ ಮೇಲೆ ಬೇರೆ. ಕ್ಯಾಮೆರಾ ಬೆನ್ನಿನ ಹತ್ತಿರ ಹೋಗುತ್ತಿದ್ದ ಹಾಗೆ ನೋಡುವವರು 'ಇದ್ಯಾಕೆ ಇವನ ಬೆನ್ನಿಗೆ ಹೋಗುತ್ತಿದೆ?' ಅಂತ ಕೇಳಿಕೊಳ್ಳುತ್ತಾರೆ. ಆ ಬೆನ್ನಿನಲ್ಲಿ ನೋಡುವಂಥದ್ದು ಏನೂ ಇಲ್ಲ. ಕತೆಯಲ್ಲಿ ಯಾರೂ ಆ ಬೆನ್ನನ್ನು ನೋಡುತ್ತಿಲ್ಲ. ಪಾರ್ಟಿಯ ಮಾತು ಬೇರೆ ಕಡೆ ಮುಂದುವರಿಯುತ್ತಿದೆ, ಕ್ಯಾಮೆರಾ ಮಾತ್ರ ಒಂದು ಬಟ್ಟೆಯನ್ನು ದಿಟ್ಟಿಸುತ್ತಿದೆ. ಅದರ ಮೇಲೆ ಇನ್ನೊಂದು ತೊಂದರೆ. ಅಷ್ಟು ದೊಡ್ಡ ಕ್ಯಾಮೆರಾ ಹತ್ತಿರ ಬಂದರೆ ಅದೇ ಬೆಳಕಿಗೆ ಅಡ್ಡವಾಗುತ್ತದೆ, ಬಟ್ಟೆ ಮಂಕಾಗುತ್ತದೆ. ಎರಡನೆಯ ಸಲ ಅದೇ ಮಂಕು ತರುವುದು ಸುಲಭವಲ್ಲ. ಗಮನಿಸಿ ನೋಡಿದರೆ ಬಟ್ಟೆ ಒಂದು ಗಳಿಗೆ ತಟಸ್ಥವಾಗುವುದು ಗೊತ್ತಾಗುತ್ತದೆ. ಉಸಿರಾಡುವ ಬೆನ್ನು ಸಣ್ಣಗೆ ಅಲುಗುತ್ತಿರುತ್ತದೆ, ಬೆಸುಗೆಯ ಹತ್ತಿರ ಆ ಅಲುಗಾಟ ತಪ್ಪುತ್ತದೆ. ಕಟ್ ಸಿಕ್ಕಿಬೀಳುವುದು ಅಲ್ಲಿ.

ಇದನ್ನು ಮೊಬೈಲಿನಲ್ಲೇ ಮಾಡಿ ನೋಡಬಹುದು. ಕಪ್ಪು ಅಂಗಿ ಹಾಕಿದವರ ಬೆನ್ನಿಗೆ ಹೋಗಿ ನಿಲ್ಲಿಸಿ, ಮತ್ತೆ ಅಲ್ಲಿಂದಲೇ ಶುರುಮಾಡಿ, ಎರಡನ್ನೂ ಜೋಡಿಸಿ. ಮೊದಲ ಪ್ರಯತ್ನ ಖಂಡಿತ ಕೆಡುತ್ತದೆ. ಕಪ್ಪು ಬಟ್ಟೆ ಫ್ರೇಮ್ ತುಂಬಿದ ಕೂಡಲೇ ಮೊಬೈಲು ಕತ್ತಲಾಯಿತು ಅಂದುಕೊಂಡು ಬೆಳಕನ್ನು ತಾನೇ ಏರಿಸಿಬಿಡುತ್ತದೆ, ಕಪ್ಪು ಬಟ್ಟೆ ಬೂದಿಬಣ್ಣವಾಗುತ್ತದೆ. ಎಕ್ಸ್‌ಪೋಶರ್, ಫೋಕಸ್, ಬಣ್ಣ ಮೂರನ್ನೂ ಲಾಕ್ ಮಾಡಬೇಕು. ಎರಡನೆಯ ಸಲವೂ ಕೆಡುತ್ತದೆ, ಯಾಕೆಂದರೆ ನೀವು ಬೆನ್ನಿನ ಹತ್ತಿರ ಬಂದು ನಿಂತುಬಿಟ್ಟಿರುತ್ತೀರಿ. ನಿಲ್ಲಬಾರದು. ಬೆನ್ನನ್ನು ದಾಟಿಕೊಂಡೇ ಮುಂದೆ ಹೋಗಬೇಕು, ಎರಡನೆಯ ಟೇಕನ್ನು ಬೆನ್ನಿಗೆ ಬರುವ ಐದಾರು ಸೆಕೆಂಡ್ ಮುಂಚಿನಿಂದಲೇ ಅದೇ ವೇಗದಲ್ಲಿ ಶುರು ಮಾಡಬೇಕು. ಎರಡೂ ಟೇಕಿನಲ್ಲಿ ಒಂದೇ ಚಲನೆ ಇದ್ದಾಗ, ಅದರ ನಡುವೆ ಎಲ್ಲಿ ಬೇಕಾದರೂ ಕತ್ತರಿಸಬಹುದು.

ಬಚ್ಚಿಡದ ಕಟ್‌ಗಳು ಯಾಕೆ ಕಾಣುವುದಿಲ್ಲ ಅನ್ನುವುದಕ್ಕೆ ನಾಲ್ಕನೆಯ ಮತ್ತು ಐದನೆಯ ಶಾಟಿನ ನಡುವೆ ಆಗುವುದನ್ನು ನೋಡಬೇಕು. ಚಿತ್ರ ಶುರುವಾಗಿ 34 ನಿಮಿಷ ಆಗಿದೆ. ಫಿಲಿಪ್ ಹಿಂದೊಮ್ಮೆ ಕೋಳಿಯ ಕುತ್ತಿಗೆ ಹಿಸುಕಿದ ಕತೆಯನ್ನು ಬ್ರ್ಯಾಂಡನ್ ಎಲ್ಲರಿಗೂ ಹೇಳುತ್ತಿದ್ದಾನೆ. ಫಿಲಿಪ್‌ಗೆ ತಡೆಯಲಾಗುವುದಿಲ್ಲ. ಅವನ ಮುಖ ಹತ್ತಿರದಲ್ಲಿದೆ, ಅದು ಸುಳ್ಳು ಅಂತ ಕಿರುಚುತ್ತಾನೆ. ಕಟ್. ರೂಪರ್ಟ್‌ನ ಮುಖ. ಸುಮ್ಮನೆ ನೋಡುತ್ತಿದ್ದಾನೆ.

ರೂಪರ್ಟ್‌ಗೆ ಅನುಮಾನ ಹುಟ್ಟುವುದು ಇಲ್ಲೇ. ಫಿಲಿಪ್ ಕಿರುಚಿದ ಮರುಗಳಿಗೆಯಲ್ಲಿ ನಮಗೂ ಬೇಕಾದದ್ದು ಒಂದೇ, ಯಾರು ಇದನ್ನು ಗಮನಿಸಿದರು ಅನ್ನುವುದು. ಕಣ್ಣು ಆಗಲೇ ಹುಡುಕುತ್ತಿದೆ, ಕಟ್ ಅದಕ್ಕೆ ಬೇಕಾದದ್ದನ್ನು ಕೊಟ್ಟಿತು. ಕೇಳಿದ್ದು ಸಿಕ್ಕಿತು, ಹಾಗಾಗಿ ಹೇಗೆ ಸಿಕ್ಕಿತು ಅಂತ ಕೇಳುವುದಿಲ್ಲ. ಎಂಟು ಮತ್ತು ಒಂಬತ್ತನೆಯ ಶಾಟಿನ ನಡುವೆಯೂ ಅದೇ ಲೆಕ್ಕ. ಬ್ರ್ಯಾಂಡನ್‌ನ ಕೈ ಜೇಬಿನಲ್ಲಿದೆ, ಜೇಬಿನಲ್ಲಿ ಪಿಸ್ತೂಲಿದೆ. ಕಟ್. ಅದನ್ನು ನೋಡುತ್ತಿರುವ ರೂಪರ್ಟ್. ಇವು ಅಡಗಿಸಿದ ಕಟ್‌ಗಳಲ್ಲ, ಆದರೆ ಅಡಗಿವೆ.

ಇದರಿಂದ ನಾನು ನನ್ನ ಕೆಲಸಕ್ಕೆ ತೆಗೆದುಕೊಂಡದ್ದು ಒಂದು ಪರೀಕ್ಷೆ. ಕಟ್ ಅಡಗಿಸಲು ಒಂದು ಜಾಗ ಆರಿಸಿದಾಗ, ಕಟ್ ಇಲ್ಲವೇ ಇಲ್ಲ ಅಂದುಕೊಂಡು ಆ ಚಲನೆಯನ್ನು ನೋಡುತ್ತೇನೆ. ಕಂಬ, ಬೆನ್ನು, ಬಾಗಿಲು, ರಪ್ಪನೆ ತಿರುಗುವ ಕ್ಯಾಮೆರಾ, ಯಾವುದಾದರೂ ಇರಲಿ. ಕಟ್ ಬೇಕಾಗಿರದಿದ್ದರೂ ಕ್ಯಾಮೆರಾ ಅಲ್ಲಿಗೆ ಹೋಗುತ್ತಿತ್ತಾ? ಹೌದಾದರೆ ಜಾಗ ಸರಿ. ಕಟ್‌ಗೋಸ್ಕರವೇ ಹೋಗುತ್ತಿದ್ದರೆ, ಬೆಳಕು, ಬಣ್ಣ, ವೇಗ ಎಲ್ಲ ಹೊಂದಿದರೂ ಅದು ಸಿಕ್ಕಿಬೀಳುತ್ತದೆ. ಬ್ರ್ಯಾಂಡನ್‌ನ ಬೆನ್ನು ಈ ಪರೀಕ್ಷೆಯಲ್ಲಿ ಮೂರು ಸಲವೂ ಫೇಲು.

ಹಿಚ್‌ಕಾಕ್ ತಾವೇ ಆಮೇಲೆ ಈ ಪ್ರಯೋಗವನ್ನು ಅಷ್ಟಾಗಿ ಒಪ್ಪಲಿಲ್ಲ. ಕತ್ತರಿಸಿ ಜೋಡಿಸುವುದರಿಂದಲೇ ಸಿನಿಮಾ ಆಗುತ್ತದೆ ಅಂತ ನಂಬಿದ್ದ ತಾವು ಅದಕ್ಕೇ ವಿರುದ್ಧ ಹೋಗಿದ್ದು ಅರ್ಥವಿಲ್ಲದ ಕೆಲಸ ಅನ್ನುವ ಧಾಟಿಯಲ್ಲಿ ಮಾತಾಡಿದ್ದಾರೆ. ನನಗೆ ಅದು ಸ್ವಲ್ಪ ಜಾಸ್ತಿಯೇ ಆಯಿತು ಅನ್ನಿಸುತ್ತದೆ. ಮಿಸೆಸ್ ವಿಲ್ಸನ್‌ಳ ಓಡಾಟ ಬೇರೆ ಯಾವ ರೀತಿಯಲ್ಲೂ ಸಿಗುತ್ತಿರಲಿಲ್ಲ. ಐದನೆಯ ಬಚ್ಚಿಟ್ಟ ಕಟ್ ಕೂಡ.

ಅದು ಒಂಬತ್ತನೆಯ ಶಾಟಿನ ಕೊನೆ. ಪಾರ್ಟಿ ಮುಗಿದು ಎಲ್ಲರೂ ಹೋಗಿದ್ದಾರೆ. ಕೋಣೆಯಲ್ಲಿ ಮೂವರೇ. ಎಪ್ಪತ್ತು ನಿಮಿಷದಿಂದ ಮುಚ್ಚಿಯೇ ಇರುವ ಪೆಟ್ಟಿಗೆಯ ಹತ್ತಿರ ರೂಪರ್ಟ್ ಬರುತ್ತಾನೆ, ಮುಚ್ಚಳಕ್ಕೆ ಕೈಹಾಕಿ ಎತ್ತುತ್ತಾನೆ. ಮುಚ್ಚಳ ಮೇಲೆದ್ದು ಕ್ಯಾಮೆರಾಗೆ ಅಡ್ಡ ಬರುತ್ತದೆ, ಫ್ರೇಮ್ ಪೂರಾ ಮರದಿಂದ ಮುಚ್ಚಿಹೋಗುತ್ತದೆ, ಕತ್ತಲು. ಒಳಗೆ ಏನಿದೆ ಅಂತ ನಮಗೆ ಗೊತ್ತು, ಆದರೂ ನೋಡಬೇಕು ಅನ್ನಿಸುತ್ತದೆ, ಮುಚ್ಚಳ ಬಿಡುವುದಿಲ್ಲ. ಆಮೇಲೆ ಕ್ಯಾಮೆರಾ ಮುಚ್ಚಳದಿಂದ ಮೇಲೇರಿ ರೂಪರ್ಟ್‌ನ ಮುಖಕ್ಕೆ ಹೋಗುತ್ತದೆ. ನಡುವೆ ಎಲ್ಲೋ ಒಂದು ಮ್ಯಾಗಜಿನ್ ಖಾಲಿಯಾಗಿ ಇನ್ನೊಂದು ಬಂದಿದೆ. ಆ ಗಳಿಗೆಯಲ್ಲಿ ಕಟ್ ಹುಡುಕಲು ಯಾರಿಗೆ ಪುರುಸೊತ್ತಿದೆ?